ಒಂದೇ ಮಾರಾಟ ಪಟ್ಟಿ, ಒಂದೇ ಶೇ. 80–95ರ ಗಡಿ, ಆದರೆ ಎ-ಬಿ-ಸಿ ವಿಂಗಡಣೆಯಲ್ಲಿ ಎರಡು ಉತ್ತರ ಬರುತ್ತಿವೆ

ಬೆಟಗೇರಿ ಲೆಕ್ಕಪತ್ರ

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ಪಂಪ್‌ಸೆಟ್ ಹಾಗೂ ಅದರ ಬಿಡಿಭಾಗಗಳನ್ನು ಮಾರುವ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಯಾವ ಮಾಲಿನ ಸ್ಟಾಕನ್ನು ವಾರಕ್ಕೊಮ್ಮೆ ಎಣಿಸಬೇಕು, ಯಾವುದನ್ನು ತಿಂಗಳಿಗೊಮ್ಮೆ ಎಣಿಸಿದರೆ ಸಾಕು, ಯಾವುದನ್ನು ವರ್ಷಕ್ಕೆ ಎರಡು ಸಲ ನೋಡಿದರೆ ನಡೆಯುತ್ತದೆ ಎಂಬುದನ್ನು ಗೊತ್ತುಮಾಡಲು ಮಾಲಕರು ವರ್ಷದ ಮಾರಾಟದ ಮೇಲೆ ಎ, ಬಿ, ಸಿ ಗುಂಪು ಮಾಡಿಕೊಡಲು ಹೇಳಿದ್ದಾರೆ. ಮೊದಲ ಶೇ. 80ರಷ್ಟು ಮಾರಾಟ ‘ಎ’, ಅಲ್ಲಿಂದ ಶೇ. 95ರವರೆಗೆ ‘ಬಿ’, ಉಳಿದದ್ದು ‘ಸಿ’ ಎಂದು ಗಡಿ ಹಾಕಿಕೊಂಡಿದ್ದೇವೆ.

ಅಂಗಡಿಯ ಮಾಲನ್ನು ಹತ್ತು ತಲೆಬರಹಗಳಲ್ಲಿ ಕೂಡಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಪಟ್ಟಿ ಹೀಗಿದೆ. ಒಟ್ಟು ಮಾರಾಟ ₹20,00,000.

| ಮಾಲು | ವರ್ಷದ ಮಾರಾಟ (₹) | ಪಾಲು (ಶೇ.) | ಕೂಡುತ್ತ ಬಂದ ಪಾಲು (ಶೇ.) |
|---|---|---|---|
| ಸಬ್‌ಮರ್ಸಿಬಲ್ ಪಂಪ್ | 9,20,000 | 46 | 46 |
| ಕೇಬಲ್ | 4,20,000 | 21 | 67 |
| ಸ್ಟಾರ್ಟರ್ | 2,80,000 | 14 | 81 |
| ಪೈಪ್ | 1,60,000 | 8 | 89 |
| ವೈಂಡಿಂಗ್ ವೈರ್ | 90,000 | 4.5 | 93.5 |
| ಬೇರಿಂಗ್ | 40,000 | 2 | 95.5 |
| ಕೆಪಾಸಿಟರ್ | 40,000 | 2 | 97.5 |
| ಫುಟ್‌ವಾಲ್ವ್ | 24,000 | 1.2 | 98.7 |
| ಮೆಕ್ಯಾನಿಕಲ್ ಸೀಲ್ | 16,000 | 0.8 | 99.5 |
| ಗ್ಲ್ಯಾಂಡ್ ರೋಪ್ | 10,000 | 0.5 | 100 |

ನಾನು ಎಕ್ಸೆಲ್‌ನಲ್ಲಿ ಮಾಡಿದಾಗ ‘ಎ’ ಗುಂಪಿನಲ್ಲಿ ಪಂಪ್ ಮತ್ತು ಕೇಬಲ್ ಎರಡೇ ಉಳಿದವು, ಸ್ಟಾರ್ಟರ್ ‘ಬಿ’ಗೆ ಹೋಯಿತು. ಮಾಲಕರ ಮಗ ಹುಬ್ಬಳ್ಳಿಯಿಂದ ಇದೇ ಮಾಹಿತಿಯನ್ನು ಡೇಟಾಬೇಸ್‌ಗೆ ಹಾಕಿ ಕ್ವೆರಿ ಬರೆದರೆ ಸ್ಟಾರ್ಟರ್ ‘ಎ’ ಎಂದು ಬರುತ್ತದೆ. ಇದಕ್ಕಿಂತ ವಿಚಿತ್ರವೆಂದರೆ, ಅವರ ಕ್ವೆರಿಯಲ್ಲಿ ಮೊನ್ನೆ ಬೇರಿಂಗ್ ‘ಬಿ’, ಕೆಪಾಸಿಟರ್ ‘ಸಿ’ ಎಂದಿದ್ದದ್ದು ಈ ದಿನ ತಿರುವುಮುರುವಾಗಿ ಬಂದಿದೆ. ಈ ನಡುವೆ ಒಂದು ಅಂಕಿಯನ್ನೂ ಯಾರೂ ತಿದ್ದಿಲ್ಲ. ಯಾರ ಲೆಕ್ಕ ಸರಿ ಎಂಬುದನ್ನು ದಯವಿಟ್ಟು ತಿಳಿಸಿ.

ಕೊಪ್ಪಿಕರ್ ರಸ್ತೆ ಸ್ಟೇಷನರಿ

ಇದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ, ಸರ್. 80:20ರ ನಿಯಮವೆಂದರೆ ನೂರರಲ್ಲಿ ಇಪ್ಪತ್ತು ಐಟಂಗಳು ‘ಎ’ ಆಗಬೇಕು. ನಿಮ್ಮಲ್ಲಿ ಹತ್ತು ಐಟಂಗಳಿವೆ, ಆದ್ದರಿಂದ ಎರಡು ‘ಎ’. ಪಂಪ್ ಮತ್ತು ಕೇಬಲ್ ಬಂದಿವೆ, ನಿಮ್ಮ ಲೆಕ್ಕವೇ ಸರಿಯಾಗಿದೆ. ಮಾಲಕರ ಮಗನಿಗೆ ಕ್ವೆರಿ ತಿದ್ದಿಕೊಳ್ಳಲು ಹೇಳಿರಿ.

ತಾರಿಹಾಳ ಸ್ಟೋರ್ಸ್

ಕೊಪ್ಪಿಕರ್ ರಸ್ತೆಯವರ ಮಾತಿನಲ್ಲಿ ಅರ್ಧ ಸರಿಯಿದೆ. ಆದರೆ ಅವರು ಫಲಿತಾಂಶವನ್ನು ನಿಯಮವೆಂದು ಹಿಡಿದಿದ್ದಾರೆ. ಇಪ್ಪತ್ತು ಎಂಬುದು ಅನೇಕ ಪಟ್ಟಿಗಳಲ್ಲಿ ತಾನಾಗಿ ಕಾಣಿಸಿಕೊಳ್ಳುವ ಸುಮಾರು ಸಂಖ್ಯೆಯೇ ಹೊರತು ನಾವು ಹಾಕುವ ಷರತ್ತಲ್ಲ. ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆದಾಯದ ಹಂಚಿಕೆಯ ಬಗ್ಗೆ ಬರೆದಾಗಲೂ, 1951ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಫೋರ್ಡ್ ಡಿಕಿ ದಾಸ್ತಾನಿಗೆ ಎ-ಬಿ-ಸಿ ವಿಂಗಡಣೆಯನ್ನು ವಿವರಿಸಿದಾಗಲೂ, ಹೇಳಿದ ಮುಖ್ಯ ವಿಷಯ ಸ್ವಲ್ಪ ಜನರಲ್ಲಿ ಅಥವಾ ಸ್ವಲ್ಪ ಐಟಂಗಳಲ್ಲಿ ಬಹುಪಾಲು ಹಣ ಸೇರಿರುತ್ತದೆ ಎಂಬುದು. ಬೆಟಗೇರಿಯವರು ಗಡಿಯನ್ನು ಮಾರಾಟದ ಪಾಲಿನ ಮೇಲೆ ಹಾಕಿಕೊಂಡಿದ್ದಾರೆ. ಹಾಗೆ ಹಾಕಿಕೊಂಡ ಮೇಲೆ ‘ಎ’ಯಲ್ಲಿ ಎಷ್ಟು ಐಟಂಗಳು ಬರುತ್ತವೆಯೋ ಅಷ್ಟು ಬರಲಿ ಎಂದು ಬಿಡಬೇಕು. ಈ ಪಟ್ಟಿಯಲ್ಲಿ ಮೇಲಿನ ಎರಡು ಐಟಂಗಳಿಂದ ಸಿಗುವುದು ಶೇ. 67 ಮಾತ್ರ ಎಂಬುದನ್ನು ಗಮನಿಸಿರಿ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ವ್ಯತ್ಯಾಸ ಇರುವುದು ಸ್ಟಾರ್ಟರ್ ಗಡಿಯನ್ನು ದಾಟುವ ಐಟಂ ಆಗಿರುವುದರಿಂದ. ಅದಕ್ಕಿಂತ ಮೇಲಿನವುಗಳ ಮೊತ್ತ ಶೇ. 67, ಅದನ್ನೂ ಸೇರಿಸಿದರೆ ಶೇ. 81. ಅಂದರೆ 80ರ ಗೆರೆ ಸ್ಟಾರ್ಟರಿನ ಹೊಟ್ಟೆಯ ಮೇಲೆಯೇ ಹಾದುಹೋಗುತ್ತದೆ. ನೀವು ಎಕ್ಸೆಲ್‌ನಲ್ಲಿ ಕೇಳಿದ ಪ್ರಶ್ನೆ: ಈ ಐಟಂ ಸೇರಿದ ಮೇಲೆ ಮೊತ್ತ 80ರೊಳಗೆ ಇದೆಯೇ? ಸ್ಟಾರ್ಟರಿಗೆ ಉತ್ತರ ಇಲ್ಲ ಎಂದು ಬಂದು ಅದು ‘ಬಿ’ ಆಯಿತು. ಮಾಲಕರ ಮಗ ಕೇಳಿದ ಪ್ರಶ್ನೆ ಬೇರೆ: ಈ ಐಟಂ ಸೇರುವ ಮುನ್ನ ಮೊತ್ತ 80ನ್ನು ಮುಟ್ಟಿತ್ತೇ? ಮುಟ್ಟಿರಲಿಲ್ಲವಾದ್ದರಿಂದ ಸ್ಟಾರ್ಟರ್ ‘ಎ’ ಆಯಿತು. ಇಬ್ಬರ ಕೂಡುವಿಕೆಯೂ ಸರಿಯಾಗಿದೆ, ಕೇಳಿದ ಪ್ರಶ್ನೆಗಳು ಮಾತ್ರ ಬೇರೆ.

ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಮಗನ ರೀತಿಯನ್ನೇ ಆರಿಸುತ್ತೇನೆ. ಆ ರೀತಿಯಲ್ಲಿ ‘ಎ’ ಎಂದರೆ ಕನಿಷ್ಠ ಶೇ. 80ರಷ್ಟು ಮಾರಾಟವನ್ನು ಒಳಗೊಳ್ಳುವ ಅತಿ ಚಿಕ್ಕ ಗುಂಪು ಎಂದಾಗುತ್ತದೆ, ಮತ್ತು ಮಾಲಕರು ಹೇಳಿದ್ದೂ ಅದನ್ನೇ ಎಂದು ನಾನು ತಿಳಿಯುತ್ತೇನೆ: 80 ಭಾಗ ಮಾರಾಟದ ಮೇಲೆ ವಾರವಾರವೂ ಕಣ್ಣಿಡಬೇಕು. ನಿಮ್ಮ ರೀತಿಯಲ್ಲಿ ಅವರ ಕಣ್ಣು 67ರ ಮೇಲೆ ಮಾತ್ರ ಇರುತ್ತದೆ. ಸಾವಿರಾರು ಐಟಂಗಳ ಪಟ್ಟಿಯಲ್ಲಿ ಗಡಿಯ ಮೇಲೆ ನಿಲ್ಲುವ ಒಂದು ಐಟಂ ಅತ್ತ ಹೋದರೂ ಇತ್ತ ಬಂದರೂ ನಡೆಯುತ್ತದೆ. ಹತ್ತು ಸಾಲಿನ ಪಟ್ಟಿಯಲ್ಲಿ ಆ ಒಂದೇ ಐಟಂ ಶೇ. 14 ಇದೆ.

ಅಮರಗೋಳ ಹಿಂಡಿ ವ್ಯಾಪಾರ

ತಾರಿಹಾಳದ ಸರ್, ನಿಮ್ಮ ಉತ್ತರ ಓದಿದ ಮೇಲೆ ನನ್ನದೊಂದು ತೊಡಕಿಗೆ ಕಾರಣ ಸಿಕ್ಕಂತಾಯಿತು. ನಮ್ಮದು ದನಗಳ ಹಿಂಡಿ ಮತ್ತು ಪಶು ಆಹಾರದ ವ್ಯಾಪಾರ. ನಮ್ಮ ಮಾರಾಟದಲ್ಲಿ ಹತ್ತಿಕಾಳಿನ ಹಿಂಡಿ ಒಂದರದ್ದೇ ಶೇ. 84 ಆಗುತ್ತದೆ. ನಮ್ಮ ಬಿಲ್ಲಿಂಗ್ ಮಾಡುವ ಹುಡುಗ ಇದೇ ಎ-ಬಿ-ಸಿ ಶೀಟ್ ಮಾಡಿಕೊಟ್ಟಾಗ ಅದರಲ್ಲಿ ‘ಎ’ ಎಂಬ ಗುಂಪೇ ಇರಲಿಲ್ಲ, ಹತ್ತಿಕಾಳಿನ ಹಿಂಡಿ ‘ಬಿ’ಯಲ್ಲಿ ಕುಳಿತಿತ್ತು. ಅಂಗಡಿಯ ಬಾಗಿಲು ತೆರೆಯುವುದೇ ಆ ಒಂದು ಮಾಲಿನ ಮೇಲೆ, ಅದು ಎರಡನೆಯ ದರ್ಜೆ ಹೇಗಾಯಿತು ಎಂದು ಕೇಳಿದರೆ ಕಂಪ್ಯೂಟರ್ ಹಾಗೆ ಹೇಳುತ್ತದೆ ಎಂಬ ಉತ್ತರ ಬಂತು.

ತಾರಿಹಾಳ ಸ್ಟೋರ್ಸ್

ನಿಮ್ಮ ಶೀಟಿನಲ್ಲಿ ಇರುವುದೂ ಅದೇ ದೋಷ, ಮತ್ತು ಅದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಮೊದಲನೆಯ ಐಟಂ ತನ್ನನ್ನು ಸೇರಿಸಿಕೊಂಡೇ 84 ಆಗುವುದರಿಂದ ‘80ರೊಳಗೆ ಇದೆಯೇ’ ಎಂಬ ಪರೀಕ್ಷೆಯಲ್ಲಿ ಅದು ಸೋಲುತ್ತದೆ, 95ರ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದರ ಪಾಲು ಇನ್ನೂ ಹೆಚ್ಚಿ ಶೇ. 96 ಆಯಿತೆಂದುಕೊಳ್ಳಿರಿ, ಆಗ ಅದು ನೇರವಾಗಿ ‘ಸಿ’ಗೆ ಬೀಳುತ್ತದೆ. ಮಾರಾಟ ಹೆಚ್ಚಿದಷ್ಟೂ ದರ್ಜೆ ಇಳಿಯುವ ಲೆಕ್ಕ ಯಾವ ಕೆಲಸಕ್ಕೂ ಬಾರದು. ಐಟಂ ಸೇರುವ ಮುನ್ನಿನ ಮೊತ್ತವನ್ನು ನೋಡಿದರೆ ಮೊದಲನೆಯ ಐಟಮ್ಮಿಗೆ ಅದು ಯಾವಾಗಲೂ ಸೊನ್ನೆಯೇ ಆಗಿರುವುದರಿಂದ ‘ಎ’ ಗುಂಪು ಎಂದಿಗೂ ಖಾಲಿ ಉಳಿಯುವುದಿಲ್ಲ. ಯಾರಾದರೂ ಮಾಡಿಕೊಟ್ಟ ಶೀಟನ್ನು ಪರೀಕ್ಷಿಸಬೇಕಾದರೆ ಮೇಲಿನ ಸಾಲಿಗೆ ಒಂದು ಬಹಳ ದೊಡ್ಡ ಅಂಕಿಯನ್ನು ತಾತ್ಕಾಲಿಕವಾಗಿ ಹಾಕಿ ನೋಡಿರಿ. ಅದು ‘ಎ’ಯಲ್ಲೇ ನಿಂತರೆ ಶೀಟ್ ಸರಿ, ಕೆಳಗೆ ಜಾರಿದರೆ ಪರೀಕ್ಷೆ ತಪ್ಪು ಕಡೆಗೆ ಇದೆ.

ಕೊಪ್ಪಿಕರ್ ರಸ್ತೆ ಸ್ಟೇಷನರಿ

ಹಿಂಡಿಯ ಉದಾಹರಣೆಯನ್ನು ನಾನು ಒಪ್ಪುತ್ತೇನೆ. ಆದರೆ ಸ್ಟಾರ್ಟರ್ ವಿಷಯದಲ್ಲಿ ನನಗೆ ಇನ್ನೂ ಸಮಾಧಾನವಿಲ್ಲ. ಗುಂಪಿನ ಮೊತ್ತ ಶೇ. 81 ಆಗುತ್ತದೆಯಲ್ಲ, ಹಾಕಿಕೊಂಡ ಗಡಿ 80. ಗಡಿಯನ್ನು ಮೀರಿ ಹೋಗುವುದು ಸರಿಯೇ? ‘ಎ’ ಐಟಂಗಳನ್ನು ವಾರವಾರ ಎಣಿಸುವ ಆಳುಗಳ ಖರ್ಚೂ ಇರುತ್ತದೆ.

ತಾರಿಹಾಳ ಸ್ಟೋರ್ಸ್

ಆಳುಗಳ ಖರ್ಚೇ ನಿಮಗೆ ಗಡಿಯಾದರೆ, ವಾರಕ್ಕೆ ಎಷ್ಟು ಐಟಂ ಎಣಿಸಲು ಸಾಧ್ಯವೋ ಅಷ್ಟನ್ನು ಮೇಲಿನಿಂದ ತೆಗೆದುಕೊಳ್ಳಿರಿ. ಅದೂ ಒಂದು ಒಳ್ಳೆಯ ಪದ್ಧತಿಯೇ, ಆದರೆ ಅದಕ್ಕೆ ಪಾಲಿನ ಲೆಕ್ಕ ಬೇಕಾಗಿಲ್ಲ. ಪಾಲಿನ ಮೇಲೆ ಗಡಿ ಹಾಕಿದಾಗ ಒಂದೋ 80ಕ್ಕಿಂತ ಸ್ವಲ್ಪ ಮೇಲೆ ನಿಲ್ಲಬೇಕು, ಇಲ್ಲವೇ ಕೆಳಗೆ ನಿಲ್ಲಬೇಕು. ಐಟಂ ಒಂದನ್ನು ಎರಡು ತುಂಡು ಮಾಡಲು ಬರುವುದಿಲ್ಲ. ಇಲ್ಲಿ ಒಂದು ಅಂಶದಷ್ಟು ಮೇಲೆ ಹೋಗುವುದೂ ಹದಿಮೂರು ಅಂಶದಷ್ಟು ಕೆಳಗೆ ನಿಲ್ಲುವುದೂ ಎದುರುಬದುರಾಗಿವೆ.

ರಾಣೆಬೆನ್ನೂರು ಬೀಜ ಮಳಿಗೆ

ನನ್ನ ಅನುಭವವನ್ನೂ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಕಾರಣ ಬಹುಶಃ ಇದೇ ಇರಬಹುದು. ಬೇರಿಂಗ್ ಮೊನ್ನೆ ‘ಬಿ’, ಇವತ್ತು ‘ಸಿ’ ಎಂದು ನೀವು ಬರೆದಿದ್ದೀರಿ. ನಮ್ಮಲ್ಲಿಯೂ ಹೀಗೆ ಗುಂಪು ಬದಲಾಗುತ್ತಿತ್ತು. ಏಪ್ರಿಲ್‌ನಿಂದ ಜೂನ್‌ವರೆಗಿನ ಮಾರಾಟ ಹಿಡಿದು ವಿಂಗಡಿಸಿದಾಗ ಗೋವಿನಜೋಳ ಮತ್ತು ಹತ್ತಿಯ ಬೀಜವೇ ‘ಎ’ ಆದವು, ಹಿಂಗಾರಿಯ ಕಡಲೆ ಮತ್ತು ಬಿಳಿಜೋಳದ ಬೀಜ ‘ಸಿ’ಗೆ ಹೋದವು. ‘ಸಿ’ ಎಂದು ಖರೀದಿಯಲ್ಲಿ ಯಾರೂ ಲಕ್ಷ್ಯ ಕೊಡಲಿಲ್ಲ. ಮುಂದೆ ಹಿಂಗಾರಿ ಬಿತ್ತನೆಗೆ ರೈತರು ಬಂದಾಗ ಅಂಗಡಿಯಲ್ಲಿ ಕಡಲೆ ಬೀಜ ಇರಲಿಲ್ಲ. ನೀವು ಎಷ್ಟು ತಿಂಗಳ ಲೆಕ್ಕ ಹಿಡಿದಿದ್ದೀರಿ ಎಂಬುದನ್ನು ಮೊದಲು ನೋಡಿಕೊಳ್ಳಿರಿ.

ಬೆಟಗೇರಿ ಲೆಕ್ಕಪತ್ರ

ನಿಮ್ಮ ಎಚ್ಚರಿಕೆಗೆ ಧನ್ಯವಾದ. ಆದರೆ ನಮ್ಮದು ಎರಡು ಸಲವೂ ಅದೇ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಪೂರ್ತಿ ವರ್ಷದ ಲೆಕ್ಕ. ಒಂದೇ ಮಾಹಿತಿಯ ಮೇಲೆ ಎರಡು ದಿನ ಎರಡು ಉತ್ತರ ಬಂದಿದೆ.

ಧಾರವಾಡ ದತ್ತಾಂಶ

ಬೇರಿಂಗ್ ಮತ್ತು ಕೆಪಾಸಿಟರ್ ಎರಡರ ಮಾರಾಟವೂ ಸರಿಯಾಗಿ ₹40,000 ಇದೆ, ಕಾರಣ ಅದರಲ್ಲಿಯೇ ಇದೆ. ಮಾಲಕರ ಮಗ ಬರೆದಿರುವ ಕ್ವೆರಿಯ ಮುಖ್ಯ ಸಾಲು ಬಹುಮಟ್ಟಿಗೆ ಹೀಗಿರಬೇಕು:

```sql
COALESCE(SUM(sales) OVER (
  ORDER BY sales DESC
  ROWS BETWEEN UNBOUNDED PRECEDING AND 1 PRECEDING), 0)
```

ಇದು ಸಾಲು ಸಾಲಾಗಿ ಕೂಡುತ್ತ ಹೋಗುತ್ತದೆ. ವೈಂಡಿಂಗ್ ವೈರ್‌ವರೆಗಿನ ಮೊತ್ತ ₹18,70,000, ಅಂದರೆ ಶೇ. 93.5. ಸಮನಾದ ಎರಡರಲ್ಲಿ ಯಾವುದು ಮೊದಲು ಬರುತ್ತದೆಯೋ ಅದಕ್ಕೆ ಮುನ್ನಿನ ಮೊತ್ತ 93.5 ಆಗಿ ‘ಬಿ’ ಸಿಗುತ್ತದೆ. ಹಿಂದೆ ಬಂದದ್ದಕ್ಕೆ ಮುನ್ನಿನ ಮೊತ್ತ 95.5 ಆಗಿ ‘ಸಿ’ ಸಿಗುತ್ತದೆ. ಜೋಡಣೆಗೆ ಕೊಟ್ಟಿರುವುದು ಮಾರಾಟದ ಮೊತ್ತ ಒಂದನ್ನೇ, ಆದ್ದರಿಂದ ಸಮನಾದ ಸಾಲುಗಳನ್ನು ಯಾವ ಕ್ರಮದಲ್ಲಿ ಇಡಬೇಕೆಂಬುದು ಡೇಟಾಬೇಸ್‌ನ ಮರ್ಜಿಗೆ ಬಿಟ್ಟದ್ದು. ಅದು ಎರಡು ದಿನ ಎರಡು ರೀತಿಯಲ್ಲಿ ಇಟ್ಟರೂ ನಿಯಮ ಮುರಿದಂತೆ ಆಗುವುದಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಹೇಳಲೇಬೇಕು, ಏಕೆಂದರೆ ಈ ಕ್ವೆರಿಯನ್ನು ನಕಲು ಮಾಡಿಕೊಳ್ಳುವವರು ಅದರಲ್ಲಿನ `COALESCE` ಪದವನ್ನು ಅನಗತ್ಯವೆಂದು ಬಿಟ್ಟುಬಿಡುತ್ತಾರೆ. ಮೊದಲ ಸಾಲಿಗೆ ಮುನ್ನ ಯಾವ ಸಾಲೂ ಇಲ್ಲದ್ದರಿಂದ ಮೊತ್ತ ಸೊನ್ನೆಯಾಗುವುದಿಲ್ಲ, `NULL` ಆಗುತ್ತದೆ. `NULL` ಎಂಬುದು 80ಕ್ಕಿಂತ ಕಡಿಮೆಯೇ ಎಂದು ಕೇಳಿದರೆ ಹೌದು ಎನ್ನುವುದಿಲ್ಲ, 95ಕ್ಕಿಂತ ಕಡಿಮೆಯೇ ಎಂದರೂ ಹೌದು ಎನ್ನುವುದಿಲ್ಲ, ಕೊನೆಗೆ `ELSE` ಭಾಗಕ್ಕೆ ಹೋಗಿ ಎಲ್ಲಕ್ಕಿಂತ ಹೆಚ್ಚು ಮಾರುವ ಪಂಪ್ ‘ಸಿ’ ಎಂದು ಅಚ್ಚಾಗುತ್ತದೆ. ಪಟ್ಟಿಯಲ್ಲಿ ಮೊದಲನೆಯದು ‘ಸಿ’, ಎರಡನೆಯದು ‘ಎ’ ಎಂದು ಕಂಡರೆ ಕಾರಣ ಇದೇ ಎಂದು ತಿಳಿಯಬಹುದು.

ಸಮನಾದವುಗಳನ್ನು ಒಂದೇ ಗುಂಪಿನಲ್ಲಿ ಇಡಬೇಕೆಂದರೆ ‘ತನಗಿಂತ ಮುಂಚಿನ ಸಾಲುಗಳ ಮೊತ್ತ’ವನ್ನು ಬಿಟ್ಟು ‘ತನಗಿಂತ ಹೆಚ್ಚು ಮಾರಾಟವಾದವುಗಳ ಮೊತ್ತ’ವನ್ನು ಕೇಳಬೇಕು. ಆಗ ಕ್ರಮದ ಪ್ರಶ್ನೆಯೇ ಏಳುವುದಿಲ್ಲ:

```sql
SUM(sales) OVER (ORDER BY sales DESC)
  - SUM(sales) OVER (PARTITION BY sales)
```

ಮೊದಲ ಭಾಗದಲ್ಲಿ `ROWS` ಎಂದು ಬರೆಯದೆ ಬಿಟ್ಟಿರುವುದು ಉದ್ದೇಶಪೂರ್ವಕವಾಗಿದೆ. ಹಾಗೆ ಬಿಟ್ಟಾಗ ಸಮನಾದ ಸಾಲುಗಳೆಲ್ಲವನ್ನೂ ಒಟ್ಟಿಗೆ ಕೂಡಿ ಎಲ್ಲಕ್ಕೂ ಒಂದೇ ಮೊತ್ತ ಬರುತ್ತದೆ. ಬೇರಿಂಗ್‌ಗೂ ಕೆಪಾಸಿಟರ್‌ಗೂ ₹19,50,000 ಬಂದು, ಅದರಿಂದ ಎರಡರ ₹80,000 ಕಳೆದು ₹18,70,000 ಉಳಿಯುತ್ತದೆ. ಎರಡೂ ‘ಬಿ’ ಆಗುತ್ತವೆ. ಬೆಟಗೇರಿಯವರು ಎಕ್ಸೆಲ್‌ನಲ್ಲಿಯೇ ಇದನ್ನು ಮಾಡಬಹುದು. ಮಾರಾಟ B2ರಿಂದ B11ರವರೆಗೆ ಇದೆ ಎಂದುಕೊಂಡರೆ C2ರಲ್ಲಿ ಮತ್ತು D2ರಲ್ಲಿ ಕ್ರಮವಾಗಿ ಹೀಗೆ ಬರೆದು ಕೆಳಗೆ ಎಳೆಯಿರಿ:

```
=SUMIF($B$2:$B$11,">"&B2)
=IF(C2*100<SUM($B$2:$B$11)*80,"A",IF(C2*100<SUM($B$2:$B$11)*95,"B","C"))
```

ಪಟ್ಟಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸದಿದ್ದರೂ ಇದು ಸರಿಯಾದ ಉತ್ತರ ಕೊಡುತ್ತದೆ. ಹಳೆಯ ರೀತಿಯಲ್ಲಿ ಯಾರಾದರೂ ಶೀಟನ್ನು ಹೆಸರಿನ ಪ್ರಕಾರ ಜೋಡಿಸಿದ ಕೂಡಲೇ ಕೂಡುತ್ತ ಬಂದ ಮೊತ್ತವೆಲ್ಲ ಕೆಡುತ್ತಿತ್ತು. ಶೇಕಡಾವಾರು ಅಂಕಿಗಳನ್ನು ಎರಡು ದಶಮಾಂಶಕ್ಕೆ ಕತ್ತರಿಸಿ ಅವನ್ನೇ ಕೂಡುತ್ತ ಹೋಗುವುದು ಬೇಡ. ನೂರಾರು ಸಾಲುಗಳಾದಾಗ ಕತ್ತರಿಸಿದ ಚೂರುಗಳು ಸೇರಿ ಗಡಿಯ ಹತ್ತಿರದ ಐಟಂ ಅತ್ತಿತ್ತ ಆಗುತ್ತದೆ. ಮೇಲಿನ ಸೂತ್ರದಲ್ಲಿ ರೂಪಾಯಿಗಳನ್ನೇ ಹೋಲಿಸಿರುವುದು ಅದಕ್ಕಾಗಿ.

ಕೊಪ್ಪಿಕರ್ ರಸ್ತೆ ಸ್ಟೇಷನರಿ

ಮೇಡಂ, ಸಮನಾದವುಗಳನ್ನೆಲ್ಲ ಮೇಲಿನ ಗುಂಪಿಗೆ ತೆಗೆದುಕೊಳ್ಳುವ ಈ ರೀತಿ ನಮ್ಮಂಥ ಅಂಗಡಿಗೆ ಹೊಂದುವುದಿಲ್ಲ ಎನಿಸುತ್ತದೆ. ನಮ್ಮಲ್ಲಿ ಒಂದೇ ಬೆಲೆಯ ನೋಟ್‌ಬುಕ್ಕು, ಪೆನ್ನುಗಳು ಬಹಳ. ವರ್ಷಕ್ಕೆ ಒಂದೇ ಡಬ್ಬಿ ಹೋದ ಹತ್ತಾರು ಬಣ್ಣದ ಪೆನ್ನುಗಳ ಮಾರಾಟ ಒಂದು ಪೈಸೆಯೂ ಹೆಚ್ಚುಕಡಿಮೆ ಇಲ್ಲದೆ ಸಮನಾಗಿರುತ್ತದೆ. ಅವು ಗಡಿಯ ಮೇಲೆ ಬಂದರೆ ಎಲ್ಲವೂ ಒಟ್ಟಿಗೆ ‘ಬಿ’ಗೆ ಏರಿಬಿಡುತ್ತವೆ.

ಧಾರವಾಡ ದತ್ತಾಂಶ

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಅಂಥ ಪಟ್ಟಿಗೆ ಸಾಲು ಸಾಲಾಗಿ ಕೂಡುವ ರೀತಿಯನ್ನೇ ಇಟ್ಟುಕೊಂಡು, `ORDER BY sales DESC, item_code` ಎಂದು ಎರಡನೆಯ ಕ್ರಮವನ್ನು ಸೇರಿಸಬಹುದು. ಆಗ ಯಾವ ದಿನ ಓಡಿಸಿದರೂ ಉತ್ತರ ಒಂದೇ ಇರುತ್ತದೆ. ಆದರೆ ಕೆಂಪು ಪೆನ್ನು ‘ಬಿ’ ಆಗಿ ಹಸಿರು ಪೆನ್ನು ‘ಸಿ’ ಆದದ್ದಕ್ಕೆ ಐಟಂ ಕೋಡ್ ಬಿಟ್ಟು ಬೇರೆ ಕಾರಣ ಇರುವುದಿಲ್ಲ. ನಾನು ಸಮನಾದವುಗಳನ್ನು ಒಟ್ಟಿಗೆ ಇಡುವ ಪಕ್ಷದವಳು.

ತಾರಿಹಾಳ ಸ್ಟೋರ್ಸ್

ನಾನು ಕೋಡ್ ಸೇರಿಸುವ ಪಕ್ಷದವನು. ಗಡಿ ಎಂಬುದೇ ನಾವು ಹಾಕಿಕೊಂಡ ಗೆರೆಯಾದ್ದರಿಂದ ಅದು ಎಲ್ಲೋ ಒಂದು ಕಡೆ ಕಾರಣವಿಲ್ಲದೆ ಕಡಿಯುತ್ತದೆ. ಗುಂಪಿನ ಗಾತ್ರ ಉಬ್ಬದಿರುವುದು ಸ್ಟೋರ್ಸ್ ನಡೆಸುವವನಿಗೆ ಮುಖ್ಯ. ಈ ಭಿನ್ನಾಭಿಪ್ರಾಯ ಹಾಗೆಯೇ ಇರಲಿ.

ಬೆಟಗೇರಿ ಲೆಕ್ಕಪತ್ರ

ಹೊಸ ಸೂತ್ರ ಹಾಕಿದ ಮೇಲೆ ಹತ್ತು ತಲೆಬರಹಗಳ ಪಟ್ಟಿಯಲ್ಲಿ ಇಬ್ಬರ ಉತ್ತರವೂ ಒಂದಾಯಿತು: ಪಂಪ್, ಕೇಬಲ್, ಸ್ಟಾರ್ಟರ್ ‘ಎ’, ಪೈಪ್, ವೈಂಡಿಂಗ್ ವೈರ್, ಬೇರಿಂಗ್, ಕೆಪಾಸಿಟರ್ ‘ಬಿ’, ಉಳಿದ ಮೂರು ‘ಸಿ’. ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು.

ಆ ಧೈರ್ಯದ ಮೇಲೆ ತಲೆಬರಹಗಳನ್ನು ಬಿಟ್ಟು, ಬಿಲ್ಲಿನಲ್ಲಿ ಬರುವ 412 ಐಟಂ ಕೋಡ್‌ಗಳಿಗೇ ಈ ಲೆಕ್ಕವನ್ನು ಮಾಡಿದೆ. ಒಟ್ಟು ಮೊತ್ತ ಅದೇ ₹20,00,000. ಆದರೆ ಕೆಳಗಿನ ಸಾಲುಗಳ ಹತ್ತಿರ ಬಂದಾಗ ಕೂಡುತ್ತ ಬಂದ ಪಾಲು ಶೇ. 100.6ರವರೆಗೆ ಏರಿ, ಕಟ್ಟಕಡೆಯ ಸಾಲಿನಲ್ಲಿ ಮತ್ತೆ 100ಕ್ಕೆ ಇಳಿಯುತ್ತದೆ. ಸೂತ್ರವನ್ನು ಎಳೆಯುವಾಗ ಏನಾದರೂ ತಪ್ಪಿದೆಯೇ?

ಧಾರವಾಡ ದತ್ತಾಂಶ

ಸೂತ್ರ ಸರಿಯಾಗಿದೆ. ಕೂಡುತ್ತ ಬಂದ ಪಾಲು ನೂರನ್ನು ದಾಟಿ ಹಿಂದಕ್ಕೆ ಬರುವುದು ಒಂದೇ ಕಾರಣಕ್ಕೆ: ಯಾವುದೋ ಐಟಮ್ಮಿನ ನಿವ್ವಳ ಮಾರಾಟ ಸೊನ್ನೆಗಿಂತ ಕೆಳಗಿದೆ. ನಿಮ್ಮ ಒಟ್ಟಿನ ಶೇ. 0.6 ಎಂದರೆ ₹12,000. ಕೊನೆಯ ಸಾಲಿನಲ್ಲಿ ಋಣ ಚಿಹ್ನೆಯ ₹12,000 ಇದೆಯೇ ನೋಡಿರಿ.

ಬೆಟಗೇರಿ ಲೆಕ್ಕಪತ್ರ

ಹೇಳಿದಂತೆಯೇ ಇದೆ, ಮೇಡಂ. ಅದೊಂದು ಹಳೆಯ ಮಾಡೆಲ್ಲಿನ ಪಂಪು. ಮಾರ್ಚ್ ಕೊನೆಯಲ್ಲಿ ಮಾರಿದ್ದು, ಮೋಟರಿನೊಳಗೆ ನೀರು ಹೊಕ್ಕಿದೆ ಎಂದು ಗಿರಾಕಿ ಏಪ್ರಿಲ್‌ನಲ್ಲಿ ಮರಳಿಸಿದ್ದರು. ಮಾರಾಟ ಹಿಂದಿನ ವರ್ಷದ ಲೆಕ್ಕಕ್ಕೆ ಹೋಯಿತು, ವಾಪಸಾತಿ ಈ ವರ್ಷಕ್ಕೆ ಬಂತು. ಆ ಮಾಡೆಲ್ ಆಮೇಲೆ ತರಿಸಿಯೇ ಇಲ್ಲ. ತಲೆಬರಹದ ಪಟ್ಟಿಯಲ್ಲಿ ಅದು ಪಂಪ್ ಎಂಬ ದೊಡ್ಡ ಮೊತ್ತದೊಳಗೆ ಕರಗಿಹೋಗಿದ್ದರಿಂದ ಕಾಣಿಸಿರಲಿಲ್ಲ. ಈ ಸಾಲನ್ನು ಅಳಿಸಿಬಿಡಲೇ?

ತಾರಿಹಾಳ ಸ್ಟೋರ್ಸ್

ಲೆಕ್ಕದ ಪುಸ್ತಕದಲ್ಲಿ ಏನನ್ನೂ ಅಳಿಸಬೇಡಿರಿ, ವಿಂಗಡಣೆಯ ಪಟ್ಟಿಯಿಂದ ಮಾತ್ರ ಅದನ್ನು ಪಕ್ಕಕ್ಕೆ ಇಡಿರಿ. ಅದು ಉಳಿದರೆ ಕೆಡುವುದು ಆ ಒಂದು ಸಾಲಷ್ಟೇ ಅಲ್ಲ. ಒಟ್ಟು ₹20,00,000 ಎಂದು ಹಿಡಿದಾಗ ನಿಮ್ಮ ‘ಎ’ ಗಡಿ ₹16,00,000ಕ್ಕೆ ಬೀಳುತ್ತದೆ. ನಿಜವಾಗಿ ಮಾರಾಟವಾದವುಗಳ ಮೊತ್ತ ₹20,12,000 ಆದ್ದರಿಂದ ಗಡಿ ₹16,09,600ರಲ್ಲಿ ಬೀಳಬೇಕು. ಈ ನಡುವಿನ ₹9,600ರಲ್ಲಿ ಸಣ್ಣ ಐಟಂ ಒಂದೆರಡು ಗುಂಪು ಬದಲಿಸಬಹುದು. ಹೀಗೆ ಪಕ್ಕಕ್ಕೆ ಇಟ್ಟ ಐಟಂಗಳ ಪಟ್ಟಿಯನ್ನು ಮಾಲಕರಿಗೆ ತೋರಿಸಿರಿ, ಏಕೆಂದರೆ ಆ ಪಂಪು ಈಗಲೂ ಗೋಡೌನ್‌ನಲ್ಲಿ ಜಾಗ ಹಿಡಿದುಕೊಂಡು ಕುಳಿತಿರುತ್ತದೆ. ಇದೇ ಸಂದರ್ಭದಲ್ಲಿ ಇನ್ನೊಂದನ್ನೂ ನೋಡಿಕೊಳ್ಳಿರಿ: ಮಾರಾಟದ ಮೊತ್ತವನ್ನು ಜಿಎಸ್‌ಟಿ ಬಿಟ್ಟು ಹಿಡಿಯಿರಿ, ತೆರಿಗೆ ಸೇರಿಸಿ ಹಿಡಿದರೆ ಹೆಚ್ಚು ದರದ ತೆರಿಗೆ ಇರುವ ಐಟಂ ವಿನಾಕಾರಣ ಮೇಲೇರುತ್ತದೆ.

ಬೆಟಗೇರಿ ಲೆಕ್ಕಪತ್ರ

ತೆರಿಗೆ ಬಿಟ್ಟೇ ಹಿಡಿದಿದ್ದೇನೆ. ಆ ಸಾಲನ್ನು ಪಕ್ಕಕ್ಕೆ ಇಟ್ಟ ಮೇಲೆ ಪಾಲು ನೂರಕ್ಕೇ ನಿಂತಿತು. ಆದರೆ ಈಗ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿದೆ. ತಲೆಬರಹದ ಪಟ್ಟಿಯಲ್ಲಿ ‘ಬಿ’ ಆಗಿದ್ದ ಪೈಪ್, ಕೇಬಲನ್ನು ಮೂರು ಸೈಜುಗಳಾಗಿ ಬಿಡಿಸಿ ಬರೆದ ಕೂಡಲೇ ‘ಎ’ ಆಯಿತು. ಪೈಪಿನ ಮಾರಾಟದಲ್ಲಿ ಒಂದು ರೂಪಾಯಿಯ ಬದಲಾವಣೆಯೂ ಇಲ್ಲ. ಕೇಬಲ್ಲಿನ ₹4,20,000ವನ್ನು ಸೈಜಿನ ಪ್ರಕಾರ ₹2,60,000, ₹1,00,000 ಮತ್ತು ₹60,000 ಎಂದು ಬಿಡಿಸಿದ್ದೆ, ಉಳಿದ ಒಂಬತ್ತನ್ನು ಮುಟ್ಟಿರಲಿಲ್ಲ.

ತಾರಿಹಾಳ ಸ್ಟೋರ್ಸ್

ಈ ವಿಂಗಡಣೆಯನ್ನು ಕಣ್ಣುಮುಚ್ಚಿ ನಂಬಬಾರದೆಂದು ನಾನು ಹೇಳುವುದು ಈ ಕಾರಣಕ್ಕೇ. ಹೊಸ ಕ್ರಮವನ್ನು ಬರೆದು ನೋಡೋಣ. ಪಂಪ್ 46, ಸ್ಟಾರ್ಟರ್ ಸೇರಿ 60, ಕೇಬಲ್ಲಿನ ದೊಡ್ಡ ಸೈಜು ಸೇರಿ 73. ಪೈಪ್ ಬರುವ ಹೊತ್ತಿಗೆ ಮುನ್ನಿನ ಮೊತ್ತ 73 ಮಾತ್ರ, ಆದ್ದರಿಂದ ಅದು ‘ಎ’. ಮುಂಚೆ ಕೇಬಲ್ ಇಡಿಯಾಗಿ ಪೈಪಿನ ಮುಂದೆ ನಿಂತಿದ್ದರಿಂದ ಅದರ ಮುನ್ನಿನ ಮೊತ್ತ 81 ಆಗಿತ್ತು. ಈಗ ಎರಡು ಚಿಕ್ಕ ಸೈಜುಗಳು ಪೈಪಿನ ಹಿಂದಕ್ಕೆ ಹೋದವು, ಅವುಗಳ ಎಂಟು ಅಂಶ ಪೈಪಿನ ಮುಂದಿನಿಂದ ಖಾಲಿಯಾಯಿತು. ಒಂದು ಐಟಮ್ಮಿನ ದರ್ಜೆ ಅದರ ಸ್ವಂತ ಮಾರಾಟದಿಂದ ಮಾತ್ರ ಬರುವುದಿಲ್ಲ, ಉಳಿದವುಗಳನ್ನು ನಾವು ಹೇಗೆ ಒಟ್ಟುಗೂಡಿಸಿದ್ದೇವೆ ಎಂಬುದರಿಂದಲೂ ಬರುತ್ತದೆ.

ನನ್ನ ಅಭಿಪ್ರಾಯದಲ್ಲಿ ಖರೀದಿಯ ಆರ್ಡರ್ ಯಾವ ಮಟ್ಟದಲ್ಲಿ ಕೊಡುತ್ತೀರೋ, ಕಪಾಟಿನಲ್ಲಿ ಯಾವ ಮಟ್ಟದಲ್ಲಿ ಎಣಿಸುತ್ತೀರೋ ಆ ಮಟ್ಟದಲ್ಲಿಯೇ ಪಟ್ಟಿ ಇರಬೇಕು. ಕೇಬಲನ್ನು ಸೈಜಿನ ಪ್ರಕಾರ ತರಿಸುತ್ತೀರಿ, ಒಂದು ಸೈಜು ಇಲ್ಲದಾಗ ಇನ್ನೊಂದನ್ನು ಕೊಡಲು ಬರುವುದಿಲ್ಲ. ಹಾಗಾಗಿ ಅದು ಮೂರು ಐಟಂ. ಬಿಡಿಸುವುದಾದರೆ ಒಂದನ್ನು ಮಾತ್ರ ಬಿಡಿಸದೆ ಪೈಪನ್ನೂ, ಪಂಪನ್ನೂ, ಬೇರಿಂಗನ್ನೂ ಅದೇ ಮಟ್ಟಕ್ಕೆ ಬಿಡಿಸಿರಿ.

ಅಮರಗೋಳ ಹಿಂಡಿ ವ್ಯಾಪಾರ

ಹಾಗಾದರೆ ಒಂದೇ ಹಿಂಡಿಯನ್ನು ಎರಡು ಗಿರಣಿಗಳಿಂದ ತರಿಸಿ, ಗಿರಣಿಯ ಹೆಸರಿನಲ್ಲಿ ಎರಡು ಕೋಡ್ ಮಾಡಿದ್ದರೆ? ಗಿರಾಕಿ ಯಾವುದನ್ನು ಕೊಟ್ಟರೂ ಒಯ್ಯುತ್ತಾನೆ.

ತಾರಿಹಾಳ ಸ್ಟೋರ್ಸ್

ಗಿರಾಕಿಗೆ ಭೇದವಿಲ್ಲದಿದ್ದರೆ ಎರಡನ್ನೂ ಕೂಡಿಸಿ ಒಂದೇ ಸಾಲು ಮಾಡಿರಿ. ಇಲ್ಲದಿದ್ದರೆ ಚೆನ್ನಾಗಿ ಮಾರುವ ಮಾಲೇ ಎರಡು ಹೋಳಾಗಿ ಕೆಳಗಿನ ಗುಂಪಿಗೆ ಇಳಿಯಬಹುದು.

ರಾಣೆಬೆನ್ನೂರು ಬೀಜ ಮಳಿಗೆ

ನಮ್ಮಲ್ಲಿ ಹಾಗೆ ಕೂಡಿಸಲು ಬರುವುದಿಲ್ಲ. ಒಂದೇ ಗೋವಿನಜೋಳವಾದರೂ ರೈತ ಕಂಪನಿಯ ಹೆಸರು ಹಿಡಿದೇ ಕೇಳುತ್ತಾನೆ, ಬೇರೆಯದನ್ನು ಕೊಟ್ಟರೆ ಮುಟ್ಟುವುದಿಲ್ಲ.

ಬೆಟಗೇರಿ ಲೆಕ್ಕಪತ್ರ

ಬೇರಿಂಗ್ ವಿಷಯದಲ್ಲಿ ನಮ್ಮದು ಎರಡರ ನಡುವಿನ ಸ್ಥಿತಿ. 6205 ನಂಬರಿನ ಬೇರಿಂಗ್ ಮೂರು ಕಂಪನಿಗಳದ್ದು ಇಟ್ಟಿದ್ದೇವೆ. ಮೋಟರ್ ಕಟ್ಟುವ ಮೇಸ್ತ್ರಿಗಳಲ್ಲಿ ಕೆಲವರು ನಂಬರ್ ಹೇಳಿ ಸಿಕ್ಕಿದ್ದನ್ನು ಒಯ್ಯುತ್ತಾರೆ, ಕೆಲವರು ಒಂದೇ ಕಂಪನಿಯದ್ದು ಬೇಕೆಂದು ಹಟ ಹಿಡಿಯುತ್ತಾರೆ. ಬಿಲ್ಲಿನಲ್ಲಿ ಮೂರು ಕೋಡ್ ಇವೆ, ಆದರೆ ಯಾರು ಕೇಳಿ ಪಡೆದರು, ಯಾರು ಕೊಟ್ಟಿದ್ದನ್ನು ಒಯ್ದರು ಎಂಬುದು ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಕೂಡಿಸಿದಾಗ ಒಂದು ಲೆಕ್ಕ, ಬಿಡಿಸಿದಾಗ ಒಂದು ಲೆಕ್ಕ ಬರುತ್ತಿದೆ. ಸದ್ಯಕ್ಕೆ ಎರಡೂ ಪಟ್ಟಿಗಳನ್ನು ಮಾಲಕರ ಮುಂದೆ ಇಡುತ್ತೇನೆ. ಬಿಡಿಭಾಗಗಳ ಅಂಗಡಿ ನಡೆಸುವ ಬೇರೆ ಯಾರಾದರೂ ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.